‘ಇಲ್ಲ’ ಎಂದವರು ಯಾರು?

ಕಳೆದ ವರ್ಷ ನಮ್ಮ ಕಾಲೇಜಿನ ಗೆಳೆಯರು ಸೇರಿ ಹನ್ನೊಂದು ನಿಮಿಷದ ಕಿರುಚಿತ್ರ ಮಾಡಿದೆವು. ಕ್ಯಾಪ್ಷನ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮಾತುಗಳನ್ನೆಲ್ಲ ಒಂದು ರಾತ್ರಿಯಲ್ಲಿ ಟೈಪ್ ಮಾಡಿ ಮುಗಿಸಿದೆ. ಪ್ರದರ್ಶನಕ್ಕೆ ಬಂದಿದ್ದ, ಹುಟ್ಟಿನಿಂದ ಕಿವಿ ಕೇಳಿಸದ ಗೆಳೆಯನೊಬ್ಬ ಕೊನೆಯಲ್ಲಿ ಮೊಬೈಲಿನಲ್ಲಿ ಬರೆದು ತೋರಿಸಿದ: ‘ಆ ಹುಡುಗ ಯಾಕೆ ಬೆಚ್ಚಿಬಿದ್ದ? ಇಲ್ಲ ಅಂದವರು ಯಾರು?’

ಇಡೀ ಚಿತ್ರ ನಿಂತಿದ್ದೇ ಆ ಎರಡು ಪ್ರಶ್ನೆಗಳ ಮೇಲೆ. ಸಾಲ ಮಾಡಿ ತಲೆಮರೆಸಿಕೊಂಡ ಮಗ ನಡುಮನೆಯಲ್ಲಿ ಕೂತಿದ್ದಾನೆ. ಯಾರೋ ಬಾಗಿಲು ಬಡಿದು, ರಾಜು ಇದ್ದಾನೆಯೇ ಎಂದು ಕೇಳುತ್ತಾರೆ. ಎಂದೂ ಸುಳ್ಳು ಹೇಳದ ಅಮ್ಮ ಅಡುಗೆಮನೆಯಿಂದಲೇ ‘ಇಲ್ಲ’ ಎನ್ನುತ್ತಾಳೆ. ಕ್ಯಾಮೆರಾ ಮಾತ್ರ ಮಗನ ಮುಖ ಬಿಟ್ಟು ಕದಲುವುದಿಲ್ಲ. ನನ್ನ ಕ್ಯಾಪ್ಷನ್‌ನಲ್ಲಿ ಬಾಗಿಲ ಸದ್ದೇ ಇರಲಿಲ್ಲ. ಪ್ರಶ್ನೆ, ಉತ್ತರ ಎರಡೂ ಒಂದೇ ಸಾಲಿನಲ್ಲಿ ಒಟ್ಟಿಗೆ ಮೂಡಿದ್ದವು. ತೆರೆಯ ಮೇಲೆ ಕಾಣುತ್ತಿದ್ದವನು ಮಗನೊಬ್ಬನೇ ಆದ್ದರಿಂದ ಎಲ್ಲ ಮಾತೂ ಅವನದೇ ಎಂದು ಗೆಳೆಯ ತಿಳಿದಿದ್ದ. ಅಮ್ಮನ ಸುಳ್ಳು ಅವನಿಗೆ ತಲುಪಲೇ ಇಲ್ಲ.

ಮಾತನ್ನು ಬೇರೆ ಭಾಷೆಗೆ ತಂದುಕೊಡುವ ಸಬ್‌ಟೈಟಲ್, ನೋಡುವವರಿಗೆ ಕಿವಿ ಕೇಳಿಸುತ್ತದೆ ಎಂದುಕೊಂಡೇ ಹೊರಡುತ್ತದೆ. ಶ್ರವಣದೋಷವುಳ್ಳವರಿಗಾಗಿ ಬರೆಯುವ ಕ್ಯಾಪ್ಷನ್ ಹಾಗಲ್ಲ. ವೆಬ್ ಪುಟಗಳ ಸುಗಮ್ಯತೆಗೆ ಜಗತ್ತು ಅನುಸರಿಸುವ ಡಬ್ಲ್ಯುಸಿಎಜಿ ಮಾನದಂಡವೂ, ಯಾರು ಮಾತನಾಡುತ್ತಿದ್ದಾರೆ ಎಂಬುದು ಮತ್ತು ಅರ್ಥಕ್ಕೆ ಬೇಕಾದ ಇತರ ಸದ್ದುಗಳು ಕ್ಯಾಪ್ಷನ್‌ನ ಭಾಗವೇ ಎನ್ನುತ್ತದೆ. ನಾನು ಮಾಡಿದ್ದು ಮೊದಲನೆಯ ಕೆಲಸ. ಹೆಸರು ಮಾತ್ರ ಎರಡನೆಯದರದು.

ಮತ್ತೆ ಕೂತಾಗ ಇನ್ನೊಂದು ತುದಿಗೆ ಹೋದೆ. ಫ್ಯಾನು, ಕಾಗೆ, ಬೀದಿಯ ಸ್ಕೂಟರು, ಎಲ್ಲವನ್ನೂ ಬರೆದೆ. ಓದುತ್ತಾ ಕೂತರೆ ಮುಖ ನೋಡುವುದು ಯಾವಾಗ ಎಂದು ಗೆಳೆಯ ಬೈದ. ಆಮೇಲೆ ಒಂದು ಉಪಾಯ ಕಂಡಿತು. ಸದ್ದು ಪೂರ್ತಿ ಮುಚ್ಚಿ ಚಿತ್ರ ನೋಡುವುದು; ಯಾವ ಜಾಗದಲ್ಲಿ ಪಾತ್ರದ ವರ್ತನೆಗೆ ಕಾರಣ ಕಾಣುವುದಿಲ್ಲವೋ ಅಲ್ಲಿ ಮಾತ್ರ ಸದ್ದನ್ನು ಬರೆಯುವುದು. ಫ್ಯಾನು ಹೋಯಿತು, ಕಾಗೆಯೂ ಹಾರಿತು. ಬಾಗಿಲು, ಕುಕ್ಕರ್ ಉಳಿದವು. ಕೊನೆಗೆ ಕಡತದ ಆ ಭಾಗ ಹೀಗಾಯಿತು:

```
41
00:06:12,300 --> 00:06:14,000
[ಬಾಗಿಲು ಬಡಿಯುವ ಸದ್ದು]

42
00:06:14,400 --> 00:06:16,900
[ಹೊರಗಿನಿಂದ ಗಂಡಸಿನ ದನಿ]
ರಾಜು ಇದ್ದಾನೇನಮ್ಮ?

43
00:06:17,200 --> 00:06:18,800
[ಕುಕ್ಕರ್ ಕೂಗುತ್ತದೆ]

44
00:06:19,100 --> 00:06:20,900
ಅಮ್ಮ: ಇಲ್ಲ, ಊರಿಗೆ ಹೋಗಿದ್ದಾನೆ.
```

ಪ್ರಶ್ನೆ ಮುಗಿದು ಉತ್ತರ ಬರುವವರೆಗಿನ ಎರಡು ಸೆಕೆಂಡು ಗಮನಿಸಿ. ಅಮ್ಮ ಹಿಂಜರಿಯುವುದು ಅಲ್ಲೇ. ಮೊದಲ ಸಲ ಉತ್ತರವನ್ನು ಪ್ರಶ್ನೆಯ ಜೊತೆಗೇ ತೋರಿಸಿ ಆ ಹಿಂಜರಿಕೆಯನ್ನು ನಾನೇ ಕೊಂದಿದ್ದೆ. ಬಂದವನಿಗೆ ಹೆಸರು ಕೊಡದೆ ‘ಗಂಡಸಿನ ದನಿ’ ಎಂದದ್ದಕ್ಕೂ ಕಾರಣವಿದೆ: ಅವನು ಯಾರೆಂದು ಆ ಹೊತ್ತಿಗೆ ಕಿವಿ ಕೇಳಿಸುವವರಿಗೂ ಗೊತ್ತಿರುವುದಿಲ್ಲ. ಕ್ಯಾಪ್ಷನ್ ಗುಟ್ಟನ್ನು ಮೊದಲೇ ಬಿಟ್ಟುಕೊಡಬಾರದು.

ಮಾತನಾಡುವವರು ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಹೆಸರು ಬೇಕಿಲ್ಲ. ಇಬ್ಬರ ಚುಟುಕು ಮಾತು ಒಂದೇ ಹೊತ್ತಿಗೆ ತೋರಿಸಬೇಕಾದರೆ ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿನ ಆರಂಭಕ್ಕೆ ಅಡ್ಡಗೆರೆ. ಬ್ರಿಟನ್ನಿನ ಬಿಬಿಸಿ ಪಾತ್ರಗಳಿಗೆ ಬೇರೆ ಬೇರೆ ಬಣ್ಣ ಕೊಡುತ್ತದೆ. ನಾನೂ ಪ್ರಯತ್ನಿಸಿದೆ, ಆದರೆ ಇಂಥ ಕಡತದ ಬಣ್ಣವನ್ನು ಎಲ್ಲ ಪ್ಲೇಯರ್‌ಗಳೂ ತೋರಿಸುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದವೇ ಲಿಂಗ ಹೇಳಿಬಿಡುತ್ತದಲ್ಲ ಎಂದು ಒಬ್ಬರು ವಾದಿಸಿದರು. ‘ಬಂದಳು’ ಎಂದರೆ ಯಾರ ಬಗ್ಗೆ ಮಾತು ಎಂದು ತಿಳಿಯುತ್ತದೆ, ಮಾತು ಯಾರದು ಎಂದಲ್ಲ. ‘ಬರ್ತೀನಿ’ ಎನ್ನುವುದು ಅಮ್ಮನೂ ಆಗಬಹುದು, ಮಗನೂ ಆಗಬಹುದು.

ನನಗೆ ಹೆಚ್ಚು ಕಾಡಿದ್ದು ಸದ್ದಿಗೆ ಪದ ಹುಡುಕುವುದು. ಧಡಧಡ, ಚಟಪಟ, ಗಳಗಳ ಎಂಬ ಅನುಕರಣ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೊದಲು ‘[ಧಡಧಡ]’ ಎಂದಷ್ಟೇ ಬರೆದಿದ್ದೆ. ನಡುವಯಸ್ಸಿನಲ್ಲಿ ಶ್ರವಣ ಕಳೆದುಕೊಂಡ ನಮ್ಮ ದೊಡ್ಡಪ್ಪನಿಗೆ ಅದು ಇಷ್ಟವಾಯಿತು, ಸದ್ದು ನೆನಪಿಗೆ ಬರುತ್ತದೆ ಎಂದರು. ಗೆಳೆಯನಿಗೆ ಅದು ಬರೀ ನಾಲ್ಕು ಅಕ್ಷರ. ಗುಡುಗೋ, ಮೆಟ್ಟಿಲೋ, ಬಾಗಿಲೋ? ಹಾಗಾಗಿ ಸದ್ದಿನ ಮೂಲ ಮೊದಲು, ಅದರ ಬಗೆ ಆಮೇಲೆ: ‘[ಬಾಗಿಲು ಧಡಧಡ ಬಡಿಯುತ್ತಾರೆ]’. ಮೆಲ್ಲನೆ ಬಡಿದಿದ್ದರೆ ಹಾಗೇ ಬರೆಯಬೇಕು. ಸಾಲ ಕೊಟ್ಟವನು ಬಡಿಯುವ ರೀತಿಯೂ ಕಥೆಯೇ ತಾನೆ? 41ನೆಯ ಸಾಲನ್ನು ಕೊನೆಯಲ್ಲಿ ಹಾಗೆ ತಿದ್ದಿದೆ. ಸಂಗೀತದ ವಿಷಯದಲ್ಲಿ ‘[ದುಃಖದ ಸಂಗೀತ]’ ಎಂದು ಅಳಿಸಲು ಹೋಗದೆ ‘[ಕೊಳಲು, ನಿಧಾನವಾಗಿ]’ ಎಂದಿಟ್ಟೆ. ಅದು ನಿಂತ ಕಡೆ ‘[ಕೊಳಲು ನಿಲ್ಲುತ್ತದೆ]’ ಎಂದೂ ಸೇರಿಸಿದೆ, ಇಲ್ಲದಿದ್ದರೆ ಮೌನ ಶುರುವಾದದ್ದು ಅವರಿಗೆ ತಿಳಿಯುವುದು ಹೇಗೆ?

ಚಿತ್ರಮಂದಿರಗಳಲ್ಲಿ ಸಿನಿಮಾ ಸುಗಮ್ಯವಾಗಿರಬೇಕೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಾಲೇಜು ಚಿತ್ರೋತ್ಸವಗಳಿಗೆ ಅದು ಅನ್ವಯಿಸಲಿ ಬಿಡಲಿ, ಪ್ರವೇಶ ಪತ್ರದಲ್ಲಿ ಕ್ಯಾಪ್ಷನ್ ಕಡತವನ್ನೂ ಕೇಳಿ, ಅದನ್ನು ಸದ್ದಿಲ್ಲದೆ ಒಮ್ಮೆ ಓಡಿಸಿ ನೋಡಬೇಕೆಂಬುದು ನನ್ನ ಬೇಡಿಕೆ.

ತಿದ್ದಿದ ಪ್ರತಿಯನ್ನು ಗೆಳೆಯ ನಮ್ಮ ಹಾಸ್ಟೆಲ್ ಕೋಣೆಯಲ್ಲಿ ನೋಡಿದ. ಕುಕ್ಕರ್ ಕೂಗಿದ ಮೇಲೆ, ಅಮ್ಮನ ಉತ್ತರಕ್ಕೆ ಮೊದಲು, ಅವನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಾಗಿದ.