ಬೀಜದ ಬತ್ತಕ್ಕೆ ಸೋಡಿ ಕೇಳಿದಾಗ

ಬೀಜದ ಬತ್ತವನ್ನು ಮಾರುವ ಜಮೀನುದಾರರಲ್ಲಿಗೆ ನೆರೆಹೊರೆಯವರು ಬಂದು, ತಮಗೆ ಮಾತ್ರ ಕ್ರಯದಲ್ಲಿ ಸೋಡಿ ಬಿಡಬೇಕೆಂದು ಕೇಳುವುದುಂಟು. ಇದಕ್ಕೆ ಒಪ್ಪತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ. ಒಬ್ಬರಿಗೆ ಬಿಟ್ಟ ಸೋಡಿಯ ಸುದ್ದಿಯು ಮುಂದಿನ ಸಂತೆಯೊಳಗೆ ಊರೆಲ್ಲ ಹಬ್ಬುವುದು. ಆ ನಷ್ಟವನ್ನು ತುಂಬಿಕೊಳ್ಳಲು ಜೊಳ್ಳನ್ನು ಚೆನ್ನಾಗಿ ತೂರದೆಯೇ ಚೀಲ ಕಟ್ಟುವ ಆಶೆಯೂ ಹುಟ್ಟುವುದು.

ಹಾಗೆಂದು ಬರಿಗೈಯಲ್ಲಿ ಕಳುಹಿಸುವುದೂ ಸರಿಯಲ್ಲ. ಸೋಡಿಗೆ ಬದಲಾಗಿ ಮೊಳಕೆಯ ಪರೀಕ್ಷೆಯನ್ನು ಮಾಡಿಕೊಡಬಹುದು. ಚೀಲದ ಮೇಲಿನಿಂದಲೂ ನಡುವಿನಿಂದಲೂ ತಳದಿಂದಲೂ ತೆಗೆದ ಬತ್ತದಲ್ಲಿ 100 ಕಾಳುಗಳನ್ನು, ಒಳ್ಳೆಯವನ್ನೇ ಆರಿಸದೆ, ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಆರದಂತೆ ನೋಡಿಕೊಂಡು, 8ನೆಯ ದಿನ ಕೊಳ್ಳುವವರ ಎದುರಿನಲ್ಲಿಯೇ ಬಿಚ್ಚಬೇಕು. ಬೇರೂ ಮೊಳಕೆಯೂ ಎರಡೂ ನೆಟ್ಟಗೆ ಹೊರಟವನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು. ಅವು 80ಕ್ಕೆ ಕಡಿಮೆಯಾದರೆ ಆ ಬತ್ತವನ್ನು ಬೀಜವೆಂದು ಮಾರಲೇಕೂಡದು. ಹೊಸದಾಗಿ ಒಕ್ಕಿದ ಬತ್ತವು ಕೆಲವು ವಾರ ಮೊಳೆಯದೆ ಸುಪ್ತವಾಗಿರಬಹುದಾದುದರಿಂದ, ಕಾದು ಪರೀಕ್ಷಿಸುವುದು ಲೇಸು. ಇಲ್ಲವಾದರೆ ಒಳ್ಳೆಯ ಬೀಜಕ್ಕೇ ಅಪವಾದ ಬಂದೀತು.

ಇದರ ಬೆಲೆ ಎಷ್ಟು? 30 ಕಿಲೋ ಬೀಜಕ್ಕೆ ಕಿಲೋವೊಂದಕ್ಕೆ 2 ರೂಪಾಯಿ ಸೋಡಿ ಬಿಟ್ಟರೆ ದೊರೆಯುವುದು 60 ರೂಪಾಯಿ. ನೂರಕ್ಕೆ 90 ಮೊಳೆಯುವ ಬೀಜವು 30 ಕಿಲೋ ಸಾಕಾಗುವಲ್ಲಿ, 70 ಮೊಳೆಯುವ ಬೀಜವು 38 ಕಿಲೋವಿಗೂ ಮಿಕ್ಕಿ ಬೇಕು. ಕಿಲೋವಿಗೆ 40 ರೂಪಾಯಿ ಎಂದಿಟ್ಟುಕೊಂಡರೆ, ಹೆಚ್ಚಿಗೆ ಬೇಕಾದ ಬೀಜಕ್ಕೇ 320 ರೂಪಾಯಿ ದಾಟುವುದು. ಈ ಲೆಕ್ಕವನ್ನು ಜಗುಲಿಯ ಮೇಲೆ ಕುಳಿತು ಹೇಳಿದರೆ, ಸೋಡಿಯ ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುವುದು.

ಆದರೂ ಒಪ್ಪದವರಿಗೆ, ಬಿತ್ತುವ ಮುನ್ನಾದಿನ ಉಪ್ಪುನೀರಿನಲ್ಲಿ ಬೀಜವನ್ನು ಹಾಕಿ, ತೇಲಿದ ಜೊಳ್ಳಿನ ತೂಕದಷ್ಟು ಗಟ್ಟಿ ಬೀಜವನ್ನು ಪುಕ್ಕಟೆಯಾಗಿ ಕೊಡುವೆವೆಂದು ಹೇಳಬಹುದು. ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡಾವರ್ತಿ ತೊಳೆಯುವುದನ್ನು ಮಾತ್ರ ಮರೆಯಕೂಡದು.