P ಎಂಬ ಸಸ್ಪೆನ್ಸ್ ಖಾತೆ

2017ರ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಎರಡು ಅಣುಗಳು ಡಿಕ್ಕಿ ಹೊಡೆದು ನಡೆಯುವ ಒಂದು ಕ್ರಿಯೆಯಲ್ಲಿ ಸ್ಟೆರಿಕ್ ಫ್ಯಾಕ್ಟರ್ P ಪ್ರಯೋಗದಿಂದ 4.5 ಎಂದು ಸಿಕ್ಕಿದೆ. ಕೆಳಗಿನ ಹೇಳಿಕೆಗಳಲ್ಲಿ ಯಾವುವು ಸರಿ? ಈ ಪ್ರಶ್ನೆಯನ್ನು ಓದಿದ ಹುಡುಗನೋ ಹುಡುಗಿಯೋ ಎರಡು ವರ್ಷ ಎನ್‌ಸಿಇಆರ್‌ಟಿ ಪುಸ್ತಕವನ್ನು ಶ್ರದ್ಧೆಯಿಂದ ಓದಿದ್ದರೆ, ಮೊದಲ ಸಾಲಿನಲ್ಲೇ ತಬ್ಬಿಬ್ಬಾಗಬೇಕಿತ್ತು. ಏಕೆಂದರೆ 12ನೇ ತರಗತಿಯ ಆ ಪುಸ್ತಕ P ಗೆ ಕೊಡುವ ಹೆಸರೇ ‘ಸಂಭವನೀಯತೆ ಅಥವಾ ಸ್ಟೆರಿಕ್ ಫ್ಯಾಕ್ಟರ್’. ಡಿಕ್ಕಿಯಲ್ಲಿ ಅಣುಗಳು ಸರಿಯಾದ ದಿಕ್ಕಿನಲ್ಲಿ ನಿಂತಿರಬೇಕು, ಅದನ್ನು ಲೆಕ್ಕಕ್ಕೆ ತರುವುದೇ P ಎಂಬುದು ಅದರ ವಿವರಣೆ. ಕರ್ನಾಟಕದ ಪಿಯು ಕಾಲೇಜುಗಳಲ್ಲಿ ಓದಿಸುವುದೂ ಅದನ್ನೇ, ಪುಣೆ–ದೆಹಲಿಯ ಕೇಂದ್ರೀಯ ವಿದ್ಯಾಲಯಗಳಲ್ಲಿ ಓದಿಸುವುದೂ ಅದನ್ನೇ. ನೂರು ಡಿಕ್ಕಿಗಳಲ್ಲಿ ಸರಿಯಾದ ದಿಕ್ಕಿನವು ಎಷ್ಟು? ಹತ್ತು ಇರಬಹುದು, ತೊಂಬತ್ತು ಇರಬಹುದು. ನಾನೂರ ಐವತ್ತು ಇರಲು ಸಾಧ್ಯವೇ?

ಪ್ರಶ್ನೆಪತ್ರಿಕೆ ತಪ್ಪಿರಲಿಲ್ಲ. 1ನ್ನು ಮೀರಿದ P ನಿಜವಾಗಿಯೂ ಉಂಟು. ತಪ್ಪಿರುವುದು ವಿವರಣೆ. P ಎಂದರೆ ‘ಸರಿಯಾದ ದಿಕ್ಕಿನ ಡಿಕ್ಕಿಗಳ ಪಾಲು’ ಎಂದು ಕಲಿಸುವುದನ್ನು ನಿಲ್ಲಿಸಬೇಕು. ಅದು ಸರಳೀಕರಣವೂ ಅಲ್ಲ. ಸರಳೀಕರಣ ಅನ್ನಿಸಿಕೊಳ್ಳಲು ಅದು ಒರಟಾಗಿಯಾದರೂ ನಿಜವಾಗಿರಬೇಕು.

P ಹುಟ್ಟುವುದು ಎಲ್ಲಿ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಜರ್ಮನಿಯ ಮ್ಯಾಕ್ಸ್ ಟ್ರೌಟ್ಜ್ 1916ರಲ್ಲಿ, ಇಂಗ್ಲೆಂಡಿನ ವಿಲಿಯಂ ಲೂಯಿಸ್ 1918ರಲ್ಲಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ ಒಂದೇ ಲೆಕ್ಕ ಹಾಕಿದರು. ಅಣುಗಳು ಗಟ್ಟಿ ಗೋಲಿಗಳು ಎಂದುಕೊಳ್ಳಿ. ಒಂದರ ಕೇಂದ್ರ ಇನ್ನೊಂದರ ಕೇಂದ್ರದಿಂದ d ದೂರದೊಳಗೆ ಬಂದರೆ ಡಿಕ್ಕಿ. ಹಾಗಾದರೆ ಗುರಿಯ ವಿಸ್ತೀರ್ಣ σ = πd². ಅಣುಗಳ ಸರಾಸರಿ ಸಾಪೇಕ್ಷ ವೇಗ v ಅನಿಲಗಳ ಚಲನ ಸಿದ್ಧಾಂತದಿಂದ ಸಿಗುತ್ತದೆ. ವಿಸ್ತೀರ್ಣವನ್ನು ವೇಗದಿಂದ ಗುಣಿಸಿ, ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಒಂದು ಮೋಲ್ ಲೆಕ್ಕದಲ್ಲಿ ಡಿಕ್ಕಿಗಳ ದರ. ಆ ಡಿಕ್ಕಿಗಳಲ್ಲಿ ಸಾಕಷ್ಟು ಶಕ್ತಿ ಇರುವವು e^(−Ea/RT) ಪಾಲು ಮಾತ್ರ. Ea ಎಂದರೆ ಸಕ್ರಿಯಣ ಶಕ್ತಿ. ದರ ಸ್ಥಿರಾಂಕದ ಅಂದಾಜು ಸಿದ್ಧವಾಯಿತು:

k = σ v N_A e^(−Ea/RT)

ಇದರಲ್ಲಿ P ಎಲ್ಲೂ ಇಲ್ಲ. ಪ್ರಯೋಗದಲ್ಲಿ ಸಿಕ್ಕ ದರ ಈ ಅಂದಾಜಿಗೆ ತಾಳೆಯಾಗದಿದ್ದಾಗ, ತಾಳೆ ಮಾಡಿಸಲು ಮುಂದೆ ಸೇರಿಸುವ ಗುಣಕವೇ P. ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಲೆಕ್ಕ ಬರೆದವರಿಗೆ ಇದು ಹೊಸದಲ್ಲ. ಎರಡು ಕಡೆಯ ಮೊತ್ತ ಹೊಂದದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಾರೆ. ಆ ಖಾತೆಯಲ್ಲಿ ಬಿಟ್ಟುಹೋದ ರಸೀದಿ ಇರಬಹುದು, ಎರಡು ಸಲ ಬರೆದ ನಮೂದು ಇರಬಹುದು. ಯಾವ ಲೆಕ್ಕಿಗನೂ ಆ ಖಾತೆಗೆ ಮೊದಲೇ ‘ಪ್ರಯಾಣ ವೆಚ್ಚ’ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದಿಲ್ಲ. ರಸಾಯನಶಾಸ್ತ್ರದ ಪುಸ್ತಕಗಳು ಮಾಡಿದ್ದು ಅದನ್ನೇ. ‘ಸ್ಟೆರಿಕ್’ ಎಂಬ ಪದದ ಬೇರು ಗ್ರೀಕಿನ ‘ಸ್ಟೆರಿಯೋಸ್’. ಘನ, ಗಟ್ಟಿ ಎಂದು ಅದರ ಅರ್ಥ. ವ್ಯತ್ಯಾಸಕ್ಕೆ ಅಣುವಿನ ಆಕಾರವೇ ಕಾರಣ ಎಂಬ ತೀರ್ಪು ಹೆಸರಿನೊಳಗೇ ಕುಳಿತಿದೆ. ವಿಚಾರಣೆ ಮಾತ್ರ ನಡೆದಿಲ್ಲ.

ಒಂದು ಕ್ರಿಯೆಯಲ್ಲಾದರೂ ವಿಚಾರಣೆ ನಡೆಸೋಣ. ಪೊಟ್ಯಾಸಿಯಂ ಆವಿ ಬ್ರೋಮಿನ್ ಅನಿಲದೊಂದಿಗೆ ಸೇರಿದಾಗ K + Br₂ → KBr + Br ನಡೆಯುತ್ತದೆ. ಸಕ್ರಿಯಣ ಶಕ್ತಿ ಸುಮಾರು ಸೊನ್ನೆ; ಆದ್ದರಿಂದ ಶಕ್ತಿಯ ಪಾಲಿನ ತಕರಾರು ಇಲ್ಲ, ಉಳಿಯುವುದು ಡಿಕ್ಕಿಗಳ ಎಣಿಕೆ ಮಾತ್ರ. ಎರಡರ ತ್ರಿಜ್ಯ ಕೂಡಿಸಿದರೆ d ಸುಮಾರು 400 ಪಿಕೋಮೀಟರ್, ಗುರಿಯ ವಿಸ್ತೀರ್ಣ 0.50 ಚದರ ನ್ಯಾನೋಮೀಟರ್. 600 ಕೆಲ್ವಿನ್‌ನಲ್ಲಿ ಸಾಪೇಕ್ಷ ವೇಗ ಸೆಕೆಂಡಿಗೆ ಸುಮಾರು 640 ಮೀಟರ್. ಗುಣಿಸಿದರೆ ದರ ಸ್ಥಿರಾಂಕ ಸುಮಾರು 2 × 10¹¹, ಲೀಟರ್–ಮೋಲ್–ಸೆಕೆಂಡ್ ಮಾನದಲ್ಲಿ. ಪ್ರಯೋಗ ಹೇಳುವುದು 1 × 10¹². ಅಂದರೆ ಪ್ರತಿಯೊಂದು ಡಿಕ್ಕಿಯೂ ಫಲಿಸಿತು ಎಂದರೂ ಲೆಕ್ಕಕ್ಕೆ ಸಿಗದಷ್ಟು, ಅದರ ಐದು ಪಟ್ಟು ವೇಗ. ಪಠ್ಯಪುಸ್ತಕಗಳ ಕೋಷ್ಟಕದಲ್ಲಿ ಈ ಕ್ರಿಯೆಯ P 4.8 ಎಂದಿದೆ.

ದಿಕ್ಕಿನ ಕಥೆ ಇಲ್ಲಿ ಪೂರ್ತಿ ಸೋಲುತ್ತದೆ. ಸರಿಯಾದ ದಿಕ್ಕು ಬೇಕು ಎಂಬ ನಿಯಮ ಫಲವನ್ನು ಕಡಿಮೆ ಮಾಡಬಲ್ಲದೇ ಹೊರತು ಹೆಚ್ಚಿಸಲಾರದು. ನಿಜವಾಗಿ ನಡೆಯುವುದು ಬೇರೆ. ಪೊಟ್ಯಾಸಿಯಂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಸಡಿಲವಾಗಿ ಹಿಡಿದುಕೊಂಡಿದೆ, ಬ್ರೋಮಿನ್‌ಗೆ ಅದು ಬೇಕು. ಎಲೆಕ್ಟ್ರಾನನ್ನು ಕೀಳಲು ಮೋಲ್‌ಗೆ ಸುಮಾರು 420 ಕಿಲೋಜೌಲ್ ಖರ್ಚು. ಬ್ರೋಮಿನ್ ಅಣು ಅದನ್ನು ಪಡೆದಾಗ ವಾಪಸು ಬರುವುದು ಸುಮಾರು 250. ಕೊರತೆ 170. ಆದರೆ ಎಲೆಕ್ಟ್ರಾನ್ ಜಿಗಿದ ಮರುಕ್ಷಣ ಒಂದು ಧನ ಅಯಾನು, ಒಂದು ಋಣ ಅಯಾನು ಎದುರುಬದುರಾಗಿ ನಿಲ್ಲುತ್ತವೆ. ಅವುಗಳ ಆಕರ್ಷಣೆ ಈ ಕೊರತೆಯನ್ನು ತುಂಬುವಷ್ಟು ಹತ್ತಿರ ಬಂದರೆ ಸಾಕು, ಜಿಗಿತ ಉಚಿತ. ಕೂಲಂಬ್ ನಿಯಮದ ಪ್ರಕಾರ ಆ ದೂರ ಸುಮಾರು 820 ಪಿಕೋಮೀಟರ್. ಗೋಲಿಗಳು ತಾಗುವ ದೂರದ ಎರಡು ಪಟ್ಟು. ಅಲ್ಲಿಂದಲೇ ಎಲೆಕ್ಟ್ರಾನ್ ಹಾರುತ್ತದೆ, ಅಯಾನುಗಳ ಸೆಳೆತ ಉಳಿದ ಕೆಲಸ ಮುಗಿಸುತ್ತದೆ. ತಿಮಿಂಗಿಲಕ್ಕೆ ದೂರದಿಂದಲೇ ಹಗ್ಗ ಕಟ್ಟಿದ ಭರ್ಜಿ ಎಸೆದು ಎಳೆದುಕೊಳ್ಳುವ ಬೇಟೆಯಂತೆ ಇದೆ ಎಂದು ಇದಕ್ಕೆ ‘ಹಾರ್ಪೂನ್’ ಎಂಬ ಹೆಸರು. ಈ ವಿವರಣೆಯ ಹಿಂದೆ ಇದ್ದವರು ಮೈಕೆಲ್ ಪೊಲಾನ್ಯಿ.

ಈಗ ವಿಸ್ತೀರ್ಣಗಳ ಅನುಪಾತ ತೆಗೆದುಕೊಳ್ಳಿ: 820ನ್ನು 400ರಿಂದ ಭಾಗಿಸಿ ವರ್ಗ ಮಾಡಿದರೆ 4.2. ಪ್ರಯೋಗದ 4.8ಕ್ಕೆ ಎಷ್ಟು ಹತ್ತಿರ! ಎರಡು ಅಯಾನು ಶಕ್ತಿಗಳು ಮತ್ತು ಒಂದು ತ್ರಿಜ್ಯದ ಮೊತ್ತದಿಂದಲೇ ಸಸ್ಪೆನ್ಸ್ ಖಾತೆ ಬಹುಪಾಲು ಚುಕ್ತಾ ಆಯಿತು. ಇಲ್ಲಿ P ಹೇಳುತ್ತಿದ್ದದ್ದು ಒಂದೇ ಮಾತು: ನೀವು ಗುರಿಯನ್ನು ತೀರಾ ಚಿಕ್ಕದಾಗಿ ಅಳೆದಿದ್ದೀರಿ.

‘ಅದೊಂದು ಅಪವಾದ, ಸಾಮಾನ್ಯವಾಗಿ P 1ಕ್ಕಿಂತ ಕಡಿಮೆಯೇ’ ಎಂದು ಮೇಷ್ಟರು ಹೇಳಬಹುದು. ಕಡಿಮೆ ಇರುವ ಕಡೆಗೂ ಹೋಗೋಣ. ಹೈಡ್ರೋಜನ್ ಮತ್ತು ಇಥಿಲೀನ್ ಸೇರಿ ಇಥೇನ್ ಆಗುವ ಕ್ರಿಯೆಗೆ ಅದೇ ಕೋಷ್ಟಕಗಳು ಕೊಡುವ P 1.7 × 10⁻⁶. ಹತ್ತು ಲಕ್ಷಕ್ಕೆ ಎರಡು. ಇದೆಲ್ಲ ಒಂದು ಅಣುವಿನ ದಿಕ್ಕಿನಿಂದಲೇ ಬಂದದ್ದಾದರೆ, ಆ ಅಣು ಸರಿಯಾದ ರೇಖೆಯಿಂದ 0.15 ಡಿಗ್ರಿಗಿಂತ ಹೆಚ್ಚು ವಾಲಬಾರದು. ಗಡಿಯಾರದ ನಿಮಿಷದ ಮುಳ್ಳು ಒಂದೂವರೆ ಸೆಕೆಂಡಿನಲ್ಲಿ ಚಲಿಸುವಷ್ಟು ಕೋನ ಅದು. ಭಾರವನ್ನು ಎರಡೂ ಅಣುಗಳಿಗೆ ಸಮನಾಗಿ ಹಂಚಿದರೂ ತಲಾ 4 ಡಿಗ್ರಿ. ಇಥಿಲೀನ್‌ನ ಹೈಡ್ರೋಜನ್ ಪರಮಾಣುಗಳು ತಮ್ಮ ಜಾಗದಲ್ಲಿ ಸುಮ್ಮನೆ ಕಂಪಿಸುವಾಗಲೂ ಇದಕ್ಕಿಂತ ಹೆಚ್ಚು ಓಲಾಡುತ್ತವೆ. ಅಣುಗಳ ಲೋಕದಲ್ಲಿ ಇಷ್ಟು ಸೂಕ್ಷ್ಮವಾಗಿ ಗುರಿಯಿಡುವ ಬೀಗ ಇಲ್ಲ.

ಹಾಗಾದರೆ ಈ ಚಿಕ್ಕ ಸಂಖ್ಯೆಯಲ್ಲಿ ಏನೇನಿದೆ? 1935ರಲ್ಲಿ ಹೆನ್ರಿ ಐರಿಂಗ್ ಮತ್ತಿತರರು ಕೊಟ್ಟ ಸಂಕ್ರಮಣ ಸ್ಥಿತಿ ಸಿದ್ಧಾಂತ ಒಂದು ಉತ್ತರ ಕೊಡುತ್ತದೆ. ದೂರದಲ್ಲಿರುವಾಗ ಎರಡೂ ಅಣುಗಳು ಬೇಕಾದಂತೆ ತಿರುಗುತ್ತಿರುತ್ತವೆ. ಶಕ್ತಿಯ ದಿಬ್ಬದ ತುದಿಯಲ್ಲಿ ಅವು ಒಂದಕ್ಕೊಂದು ಬಿಗಿಯಾಗಿ ಸಿಕ್ಕಿಕೊಳ್ಳಬೇಕು; ಮುಕ್ತ ತಿರುಗಾಟ ಇಕ್ಕಟ್ಟಿನ ಕಂಪನವಾಗುತ್ತದೆ. ಹೀಗೆ ಕಳೆದುಹೋದ ಪ್ರತಿಯೊಂದು ಸ್ವಾತಂತ್ರ್ಯಕ್ಕೂ ದರ ದಂಡ ತೆರುತ್ತದೆ. ದಿಕ್ಕಿನ ಮಾತೂ ಇದರಲ್ಲಿ ಸೇರಿದೆ, ಆದರೆ ದೂರ, ಕೋನ, ತಿರುಗುವ ವೇಗ ಎಲ್ಲದರ ಬಿಗಿತವೂ ಸೇರಿದೆ. ಗೋಲಿಗೆ ತಿರುಗಾಟವೇ ಇಲ್ಲದ್ದರಿಂದ ಗೋಲಿ ಲೆಕ್ಕಕ್ಕೆ ಇದು ಕಾಣುವುದಿಲ್ಲ. ಇನ್ನೊಂದು ಸಾಧ್ಯತೆ ಇನ್ನೂ ಮುಜುಗರದ್ದು. H₂ ಅಣು ಇಥಿಲೀನ್‌ನ ಒಂದು ಬದಿಗೆ ಒಂದೇ ಏಟಿಗೆ ಸೇರುವ ದಾರಿಯನ್ನು ವುಡ್‌ವರ್ಡ್–ಹಾಫ್‌ಮನ್ ನಿಯಮಗಳು ನಿಷೇಧಿಸುತ್ತವೆ. ಹಾಗಾಗಿ ಕ್ರಿಯೆ ಒಂದೇ ಡಿಕ್ಕಿಯಲ್ಲಿ ಮುಗಿಯುತ್ತದೆ ಎಂಬ ಊಹೆಯನ್ನೇ ಅನುಮಾನಿಸಬೇಕು. ಊಹೆ ತಪ್ಪಾದರೆ ಆ ತಪ್ಪೂ ಸದ್ದಿಲ್ಲದೆ P ಒಳಗೇ ಸೇರಿಕೊಳ್ಳುತ್ತದೆ.

ಅಳತೆಯ ತಪ್ಪೂ ಅಷ್ಟೇ. Ea ಅಳೆಯುವಾಗ 300 ಕೆಲ್ವಿನ್ ಹತ್ತಿರ 5.7 ಕಿಲೋಜೌಲ್ ಎಡವಿದರೆ P ಹತ್ತು ಪಟ್ಟು ಬದಲಾಗುತ್ತದೆ. d 400ರ ಬದಲು 300 ಎಂದುಕೊಂಡರೆ ಸುಮಾರು ಎರಡು ಪಟ್ಟು. ಆದ್ದರಿಂದ P 0.5 ಎಂದು ಬಂದ ಮಾತ್ರಕ್ಕೆ ‘ಅರ್ಧ ಡಿಕ್ಕಿಗಳ ದಿಕ್ಕು ಸರಿಯಿಲ್ಲ’ ಎನ್ನುವುದು ತ್ರಿಜ್ಯದ ಅಂದಾಜಿನಲ್ಲಿ ಆದ ಏರುಪೇರಿಗೆ ಅಣುಗಳನ್ನು ದೂರಿದಂತೆ.

ದಿಕ್ಕಿಗೆ ಬೆಲೆಯೇ ಇಲ್ಲ ಎಂದು ಇದರ ಅರ್ಥವಲ್ಲ. ಅದನ್ನು ತಿಳಿಯುವ ದಾರಿ ಬೇರೆ ಇದೆ. 1966ರಲ್ಲಿ ಫಿಲಿಪ್ ಬ್ರೂಕ್ಸ್ ಮತ್ತು ರಿಚರ್ಡ್ ಬರ್ನ್‌ಸ್ಟೈನ್ ಅವರ ತಂಡಗಳು ಬೇರೆ ಬೇರೆಯಾಗಿ ಮೀಥೈಲ್ ಅಯೊಡೈಡ್ ಅಣುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಒಂದೇ ಮುಖವಾಗಿ ನಿಲ್ಲಿಸಿ, ಅವುಗಳಿಗೆ ಕ್ಷಾರಲೋಹದ ಪರಮಾಣುಗಳನ್ನು ಹೊಡೆದವು. ಅಯೋಡಿನ್ ತುದಿಗೆ ಬಿದ್ದಾಗ ಕ್ರಿಯೆ ಹೆಚ್ಚು, ಮೀಥೈಲ್ ತುದಿಗೆ ಬಿದ್ದಾಗ ಕಡಿಮೆ. ದಿಕ್ಕಿನ ಸಾಕ್ಷಿ ಎಂದರೆ ಇದು: ಅಣುವನ್ನು ತಿರುಗಿಸಿ ನೋಡಿದ್ದು. ಅಂದಾಜಿನಲ್ಲಿ ಉಳಿದ ಶೇಷಕ್ಕೆ ದಿಕ್ಕು ಎಂದು ಹೆಸರಿಡುವುದು ಸಾಕ್ಷಿಯಲ್ಲ.

ಹದಿನೇಳು ವರ್ಷದವರಿಗೆ ಇಷ್ಟೆಲ್ಲ ಬೇಕೇ ಎಂಬುದು ಕೊನೆಯ ಆಕ್ಷೇಪ. ಬೇಕಿಲ್ಲ. ಅವರಿಗೆ ಬೇಕಾದದ್ದು ಒಂದು ಸಾಲು: ‘P ಎಂದರೆ ಅಳೆದ ದರಕ್ಕೂ ಗಟ್ಟಿ ಗೋಲಿಗಳ ಅಂದಾಜಿಗೂ ಇರುವ ಅನುಪಾತ, ದಿಕ್ಕು ಅದರ ಕಾರಣಗಳಲ್ಲಿ ಒಂದು.’ ಈ ಸಾಲು ಈಗಿನದಕ್ಕಿಂತ ಕಷ್ಟದ್ದಲ್ಲ. ಇದನ್ನು ಕಲಿತವರು P 4.5 ಎಂದು ಕಂಡಾಗ ಬೆಚ್ಚುವುದಿಲ್ಲ. ಅಳೆದದ್ದು ಅಂದಾಜಿಗಿಂತ ಹೆಚ್ಚು ಎಂದು ನೇರವಾಗಿ ಓದುತ್ತಾರೆ. ಅಷ್ಟೇ ಅಲ್ಲ, ಆ ಪ್ರಶ್ನೆಪತ್ರಿಕೆಯ ಉತ್ತರದ ಆಯ್ಕೆಗಳಲ್ಲಿ ‘ಅರ್ಹೀನಿಯಸ್ ಸಮೀಕರಣ ಊಹಿಸಿದ’ ಡಿಕ್ಕಿ ಗುಣಕ ಎಂದಿದ್ದುದನ್ನೂ ಪ್ರಶ್ನಿಸುತ್ತಾರೆ. ಅರ್ಹೀನಿಯಸ್ ಸಮೀಕರಣ ಆ ಗುಣಕವನ್ನು ಊಹಿಸುವುದೇ ಇಲ್ಲ, ಪ್ರಯೋಗದಿಂದ ಪಡೆಯುತ್ತದೆ. ಊಹಿಸುವುದು ಡಿಕ್ಕಿ ಸಿದ್ಧಾಂತ. ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಎಂಬ ಗೆರೆಯನ್ನು ಪಠ್ಯಪುಸ್ತಕ ಅಳಿಸಿದರೆ ಪ್ರಶ್ನೆಪತ್ರಿಕೆಯೂ ಅದನ್ನು ಮರೆಯುತ್ತದೆ. P ಇರುವುದೇ ಆ ಗೆರೆಯ ಮೇಲೆ.