ಹಸಿರು ಪಟ್ಟಿಯ ಅಪರಾಧವೇನು?

ಲಿಂಕ್ಡ್‌ಇನ್‌ನಲ್ಲಿ ತಮ್ಮ ಭಾವಚಿತ್ರದ ಅಂಚಿಗೆ #OpenToWork ಎಂಬ ಹಸಿರು ಪಟ್ಟಿ ಹಾಕಿಕೊಂಡವರನ್ನು ಕಂಡು ಮೂಗು ಮುರಿಯುವುದು ಉದ್ಯೋಗವಲಯದಲ್ಲಿ ಜಾಣತನವೆನಿಸಿಕೊಂಡಿದೆ. ‘ಯಾರಿಗೂ ಬೇಡವಾದವರು’ ಎಂಬುದು ಆ ತಾತ್ಸಾರದ ಒಳಾರ್ಥ. ಇದು ಅನ್ಯಾಯವಷ್ಟೇ ಅಲ್ಲ, ಆತ್ಮವಂಚನೆಯೂ ಹೌದೆಂಬುದು ನಮ್ಮ ವಾದ.

ಏಕೆಂದರೆ ಇದೇ ಮಾಹಿತಿಗೆ ಹಿಂಬಾಗಿಲೊಂದಿದೆ. All LinkedIn members ಬದಲು Recruiters only ಎಂದು ಆರಿಸಿದರೆ ಚಿತ್ರಕ್ಕೆ ಪಟ್ಟಿ ಬೀಳುವುದಿಲ್ಲ. ಲಿಂಕ್ಡ್‌ಇನ್‌ನ ನೇಮಕಾತಿ ತಂತ್ರಾಂಶಕ್ಕೆ ಹಣ ತೆತ್ತವರಿಗಷ್ಟೇ ಸಂಗತಿ ತಿಳಿಯುತ್ತದೆ. ಅಲ್ಲಿ ಅವರು ಇಂಥವರನ್ನೇ ಸೋಸಿ ತೆಗೆಯಬಹುದು. ಉತ್ತರ ಬರುವ ಸಂಭವ ಹೆಚ್ಚೆಂದು ಮೊದಲು ಇವರಿಗೇ ಬರೆಯುತ್ತಾರೆ. ಗುಟ್ಟಾಗಿ ತಿಳಿದಾಗ ಗುಣವಾದದ್ದು ಬಹಿರಂಗವಾದಾಗ ದೋಷವಾಗುವುದು ಹೇಗೆ?

ದೋಷವೆಂದು ಎಣಿಸುವುದರಲ್ಲಿ ಲಾಭವೂ ಇದೆ. ಪಟ್ಟಿ ಕಂಡೊಡನೆ ಕೈಯಲ್ಲಿ ಕೆಲಸವಿಲ್ಲವೆಂದು ಊಹಿಸಿ, ಸಂಬಳದ ಮಾತಿನಲ್ಲಿ ಬಿಗಿ ಹಿಡಿಯುವವರಿದ್ದಾರೆ. ತೊಂಬತ್ತು ದಿನಗಳ ನೋಟಿಸ್ ಅವಧಿ, ಒಪ್ಪಿಕೊಂಡ ಮೇಲೂ ಸೇರುವ ದಿನ ಬಾರದ ಅಭ್ಯರ್ಥಿ ಎಂದು ಗೋಳಿಡುವವರೂ ಇವರೇ. ಬರುವ ಸೋಮವಾರವೇ ಸೇರಬಲ್ಲವನು ಎದುರಿಗೆ ನಿಂತರೆ ಅವನನ್ನು ಶಂಕಿಸುತ್ತಾರೆ.

ಹಾಗೆಂದು ಹಿಂಬಾಗಿಲು ಪೂರ್ತಿ ಸುರಕ್ಷಿತವೆಂದು ಯಾರೂ ನಂಬಬಾರದು. ಪುಣೆಯ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿರುವಾಕೆಯೊಬ್ಬರು Recruiters only ಆರಿಸಿದರೆನ್ನೋಣ. ಆಕೆಯ ಈಗಿನ ಸಂಸ್ಥೆಯ ನೇಮಕಾಧಿಕಾರಿಗಳಿಗೆ ವಿಷಯ ಕಾಣದಂತೆ ಮಾಡಲು ಲಿಂಕ್ಡ್‌ಇನ್ ಯತ್ನಿಸುತ್ತದೆ. ಪೂರ್ಣ ಗೋಪ್ಯತೆಯ ಖಾತರಿ ಇಲ್ಲವೆಂದೂ ತಾನೇ ಹೇಳುತ್ತದೆ. ಆ ಮರೆ ನಿಲ್ಲಬೇಕಾದರೆ ಆಕೆಯ ಉದ್ಯೋಗದ ವಿವರ ಸಂಸ್ಥೆಯ ಅಧಿಕೃತ ಪುಟಕ್ಕೆ ಜೋಡಣೆಯಾಗಿರಬೇಕು. ಹೆಸರನ್ನು ಸುಮ್ಮನೆ ಬೆರಳಚ್ಚಿಸಿದ್ದರೆ ಆಕೆ ಯಾರ ನೌಕರಳೆಂದು ವ್ಯವಸ್ಥೆಗೆ ತಿಳಿಯದೇ ಹೋಗಬಹುದು. ಜೋಡಣೆ ಸರಿಯಿದ್ದರೂ, ಆ ಸಂಸ್ಥೆ ಜನರನ್ನು ಹುಡುಕುವ ಕೆಲಸವನ್ನು ಹೊರಗಿನ ಏಜೆನ್ಸಿಗೆ ಒಪ್ಪಿಸಿದ್ದರೆ ಏಜೆನ್ಸಿಯವರಿಗೆ ಈಕೆ ಕಾಣುತ್ತಾರೆ. ‘ನಿಮ್ಮವರೇ ಒಬ್ಬರು ಹೊರಡುವಂತಿದೆ’ ಎಂಬ ಒಂದು ಫೋನ್ ಕರೆ ಸಾಕು. ಮುಂದಿನ ಬಡ್ತಿಯ ಪಟ್ಟಿಯಿಂದ ಆಕೆಯ ಹೆಸರು ಕಾರಣವಿಲ್ಲದೆ ಮಾಯವಾಗಬಹುದು. ಕೆಲಸದಲ್ಲಿದ್ದುಕೊಂಡು ಹುಡುಕುವವರಿಗೆ ಈ ಆಯ್ಕೆಯೇ ಮೇಲು, ನಿಜ. ಆದರೆ ಅದು ತೆಳುಪರದೆ, ಗೋಡೆಯಲ್ಲ.

ಕೆಲಸ ಕಳೆದುಕೊಂಡವರಿಗೆ ಆ ಪರದೆಯಿಂದ ನಷ್ಟವೇ ಹೆಚ್ಚು. ದುಬಾರಿ ತಂತ್ರಾಂಶ ಕೊಳ್ಳಲಾಗದ ಸಣ್ಣ ಉದ್ದಿಮೆಗೆ ಅವರ ಅಗತ್ಯ ಕಾಣುವುದಿಲ್ಲ; ‘ನಮ್ಮಲ್ಲೊಂದು ಜಾಗವಿದೆ’ ಎನ್ನಬಹುದಾದ ಹಳೆಯ ಸಹೋದ್ಯೋಗಿಗೂ ಕಾಣುವುದಿಲ್ಲ. ಅಂಥವರಿಗೆ ‘ಪಟ್ಟಿ ತೆಗೆ, ಮರ್ಯಾದೆ ಉಳಿಸಿಕೋ’ ಎಂದು ಬುದ್ಧಿ ಹೇಳುವುದೆಂದರೆ, ಸಹಾಯ ಬರಬಹುದಾದ ದಾರಿಯನ್ನೇ ಮುಚ್ಚಿಸಿದಂತೆ.

ಮರೆಯಲ್ಲಿ ಹುಡುಕಿ ಕರೆಯುವ ನೇಮಕಾಧಿಕಾರಿಗಳಿಗೆ ನಮ್ಮ ಆಗ್ರಹವಿಷ್ಟೇ: ಹಸಿರು ಪಟ್ಟಿಯಿಂದ ‘ಈ ವ್ಯಕ್ತಿ ಕೆಲಸಕ್ಕೆ ಸಿದ್ಧ’ ಎಂಬುದನ್ನು ಮಾತ್ರ ಓದಿಕೊಳ್ಳಿ. ಯೋಗ್ಯತೆಯನ್ನು ಸಂದರ್ಶನದಲ್ಲಿ ಅಳೆಯಿರಿ. ಸಂಬಳವನ್ನು ಅಭ್ಯರ್ಥಿಯ ಅಗತ್ಯ ನೋಡಿ ಅಲ್ಲ, ಹುದ್ದೆಯ ಹೊಣೆ ನೋಡಿ ನಿಗದಿಮಾಡಿರಿ.